ಉಳಿಸಿದ್ದೆಷ್ಟು, ತಾನಾಗಿ ಇಳಿದದ್ದೆಷ್ಟು? ಖರೀದಿ ಅಧಿಕಾರಿಯ ಬಯೋಡೇಟಾದ ಲೆಕ್ಕಾಚಾರ

ಪುಣೆ: ಪಿಂಪ್ರಿ-ಚಿಂಚ್‌ವಾಡ, ಭೋಸರಿ, ಚಾಕಣ ಪರಿಸರದ ಕಾರ್ಖಾನೆಗಳ ಖರೀದಿ ವಿಭಾಗದಲ್ಲಿ ದುಡಿಯುತ್ತಿರುವ ಕನ್ನಡಿಗರ ಸಂಖ್ಯೆ ಕಡಿಮೆಯೇನಲ್ಲ. ಡಿಪ್ಲೊಮಾ ಮುಗಿಸಿ ಊರು ಬಿಟ್ಟು ಬಂದು, ಸ್ಟೋರ್ಸ್‌ನಲ್ಲಿ ಸಹಾಯಕರಾಗಿ ಸೇರಿ, ಕ್ರಮೇಣ ಪರ್ಚೇಸ್ ಆಫೀಸರ್ ಕುರ್ಚಿಗೆ ಬಂದವರು ಇವರಲ್ಲಿ ಅನೇಕರು. ಈ ಕೆಲಸದ ಸ್ವಭಾವವೇ ವಿಚಿತ್ರ. ಮಾಲು ಸರಿಯಾದ ಸಮಯಕ್ಕೆ ಬಂದರೆ ಯಾರೂ ಕೇಳುವುದಿಲ್ಲ. ಒಂದು ದಿನ ತಡವಾಗಿ ಲೈನ್ ನಿಂತರೆ ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಕೇಳುತ್ತಾರೆ. ಹೀಗಾಗಿ ತಾನು ಮಾಡಿದ್ದೇನು ಎಂದು ಬರೆದಿಟ್ಟುಕೊಳ್ಳುವ ಅಭ್ಯಾಸ ಖರೀದಿ ವಿಭಾಗದವರಿಗೆ ಬೆಳೆಯುವುದೇ ಇಲ್ಲ. ಇದರ ಪೆಟ್ಟು ಬೀಳುವುದು ಕೆಲಸ ಬದಲಿಸಬೇಕಾದಾಗ.

ಬೆಳಗಾವಿ ಜಿಲ್ಲೆಯಿಂದ ಬಂದು ಭೋಸರಿಯ ಒಂದು ಕಾರ್ಖಾನೆಯಲ್ಲಿ 17 ವರ್ಷ ದುಡಿದ ಕನ್ನಡಿಗರೊಬ್ಬರಿಗೆ ಅಂಥ ಸಂದರ್ಭ ಎದುರಾಯಿತು. ಕಂಪನಿ ತನ್ನ ಘಟಕವನ್ನು ಬೇರೆ ರಾಜ್ಯಕ್ಕೆ ಸ್ಥಳಾಂತರಿಸಲು ನಿರ್ಧರಿಸಿತು. ವಯಸ್ಸು 46, ಮಗಳು ಇಂಜಿನಿಯರಿಂಗ್ ಎರಡನೇ ವರ್ಷ, ಮನೆ ಸಾಲದ ಕಂತು ಇನ್ನೂ ಏಳು ವರ್ಷ ಬಾಕಿ. ಪುಣೆ ಬಿಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮೂರು ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಕಡೆ ಬಯೋಡೇಟಾ ಕಳುಹಿಸಿದರೂ ಸಂದರ್ಶನಕ್ಕೆ ಕರೆ ಬಂದದ್ದು ಒಂದೇ ಕಡೆಯಿಂದ.

ಆ ಎರಡು ಪುಟಗಳ ಬಯೋಡೇಟಾದಲ್ಲಿದ್ದುದು ಇಷ್ಟು: ಪರ್ಚೇಸ್ ಆರ್ಡರ್ ತಯಾರಿಸುವುದು, ಕೊಟೇಶನ್ ಹೋಲಿಸುವುದು, ವೆಂಡರ್ ಫಾಲೋಅಪ್, ಬಿಲ್ ಪಾಸ್ ಮಾಡಿಸುವುದು, ಉತ್ತಮ ಚೌಕಾಸಿ ಕೌಶಲ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದೇ ಪಟ್ಟಿಯನ್ನು ಎರಡು ವರ್ಷ ಅನುಭವದ ಹುಡುಗನೂ ಬರೆಯಬಲ್ಲ, ಅರ್ಧ ಸಂಬಳಕ್ಕೆ ಬರಲೂ ಬಲ್ಲ. 17 ವರ್ಷದ ಅನುಭವ ಆ ಕಾಗದದಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ.

ಅವರ ನೆರವಿಗೆ ಬಂದವರು ಸಂಘದ ಹಿರಿಯ ಸದಸ್ಯರೊಬ್ಬರು. ಉಡುಪಿ ಕಡೆಯವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಖರೀದಿ ವಿಭಾಗದಲ್ಲೇ ಇದ್ದು, ನೂರಾರು ಮಂದಿಯ ಸಂದರ್ಶನ ನಡೆಸಿ ಈಗ ನಿವೃತ್ತರಾಗಿದ್ದಾರೆ. "ಕೆಲಸದ ಪಟ್ಟಿ ಬೇಡ, ಲೆಕ್ಕ ಬರೆದುಕೊಂಡು ಬನ್ನಿ" ಎಂದು ಅವರು ಹೇಳಿ ಕಳುಹಿಸಿದರು. ಮುಂದಿನ ವಾರ ಬೆಳಗಾವಿಯವರು ತಂದ ಮೊದಲ ಸಾಲು ಹೀಗಿತ್ತು: 'ಫೋರ್ಜಿಂಗ್ ಭಾಗವೊಂದರ ದರದಲ್ಲಿ ಶೇ. 9 ಇಳಿಕೆ, ವರ್ಷಕ್ಕೆ 9.2 ಲಕ್ಷ ರೂಪಾಯಿ ಉಳಿತಾಯ.'

ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಇದು ಯಾವ ವರ್ಷದ್ದು ಮಾರಾಯ್ರೆ?"

"2022-23ರದ್ದು ರೀ ಸರ್."

"ಹಾಗಾದ್ರೆ ಇದ್ರಲ್ಲಿ ಸ್ಟೀಲಿನದ್ದೆಷ್ಟು, ನಿಮ್ಮದೆಷ್ಟು?"

ಪ್ರಶ್ನೆಯ ಹಿನ್ನೆಲೆ ಖರೀದಿ ವಿಭಾಗದ ಯಾರಿಗಾದರೂ ಗೊತ್ತಿರುವಂಥದ್ದು. 2021ರಿಂದ ಉಕ್ಕಿನ ಬೆಲೆ ಏರುಮಟ್ಟದಲ್ಲೇ ಇತ್ತು. 2022ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಹಲವು ಬಗೆಯ ಉಕ್ಕಿನ ರಫ್ತಿನ ಮೇಲೆ ಶೇ. 15 ಸುಂಕ ಹಾಕಿತು, ಅದೇ ವರ್ಷದ ನವೆಂಬರ್‌ನಲ್ಲಿ ಹಿಂತೆಗೆಯಿತು. ಆ ನಡುವೆ ದೇಶದೊಳಗೆ ಬೆಲೆ ಇಳಿಯಿತು. ಆ ತಿಂಗಳುಗಳಲ್ಲಿ ಉಕ್ಕಿನ ಭಾಗಗಳನ್ನು ಕೊಳ್ಳುತ್ತಿದ್ದವರ ಬಿಲ್ಲುಗಳಲ್ಲೂ ಮೊತ್ತ ಕಡಿಮೆಯಾಯಿತು, ಅವರು ಚೌಕಾಸಿ ಮಾಡಿರಲಿ ಬಿಡಲಿ. ಸಂದರ್ಶನದಲ್ಲಿ ಎದುರು ಕುಳಿತವರಿಗೂ ಇದು ಗೊತ್ತಿರುತ್ತದೆ. ಒಂದು ಸಂಖ್ಯೆ ಅಲ್ಲಿ ಕುಸಿದರೆ ಉಳಿದ ಎಲ್ಲ ಸಂಖ್ಯೆಗಳ ಮೇಲೂ ಅನುಮಾನ ಹುಟ್ಟುತ್ತದೆ.

ಇಬ್ಬರೂ ಕೂಡಿ ಆ ಭಾಗದ ದರವನ್ನು ಬಿಡಿಸಿ ನೋಡಿದರು. ಓದುಗರಿಗೆ ಲೆಕ್ಕ ಸುಲಭವಾಗಲೆಂದು ಇಲ್ಲಿ ದರಗಳನ್ನು ಸ್ವಲ್ಪ ಸರಿಹೊಂದಿಸಲಾಗಿದೆ. ಭಾಗವೆಂದರೆ ಟ್ರಾಕ್ಟರಿಗೆ ಹೋಗುವ ಉಕ್ಕಿನ ಒಂದು ಫ್ಲ್ಯಾಂಜ್, ವರ್ಷಕ್ಕೆ 40 ಸಾವಿರ ಬೇಕು. ಹಳೆಯ ದರ 260 ರೂಪಾಯಿ. ಒಂದು ಫ್ಲ್ಯಾಂಜಿಗೆ 2 ಕಿಲೋ ಉಕ್ಕು ಕತ್ತರಿಸಬೇಕು, ಕಿಲೋಗೆ 72ರಂತೆ 144 ರೂಪಾಯಿ. ಮುಗಿದ ಭಾಗದ ತೂಕ 1.4 ಕಿಲೋ. ಉಳಿದ 600 ಗ್ರಾಂ ಸ್ಕ್ರ್ಯಾಪ್ ಆಗಿ ಮಾರಾಟವಾಗಿ 18 ರೂಪಾಯಿ ವಾಪಸು ಬರುತ್ತದೆ. ಅಂದರೆ ಉಕ್ಕಿನ ನಿವ್ವಳ ಖರ್ಚು 126. ಮೇಲೆ ಫೋರ್ಜಿಂಗ್ ಕೂಲಿ 44, ಹೀಟ್ ಟ್ರೀಟ್‌ಮೆಂಟ್ 12, ಮಶಿನಿಂಗ್ 48, ಪ್ಯಾಕಿಂಗ್ ಮತ್ತು ಸಾಗಾಟ 7. ಉಳಿದ 23 ರೂಪಾಯಿ ವೆಂಡರನ ಮೇಲ್ಖರ್ಚು, ಬಡ್ಡಿ ಮತ್ತು ಲಾಭ.

ಹೊಸ ದರ 237. ಇಳಿದದ್ದು 23 ರೂಪಾಯಿ. ಉಕ್ಕು ಕಿಲೋಗೆ 72ರಿಂದ 67ಕ್ಕೆ ಬಂದಿತ್ತು, ಸ್ಕ್ರ್ಯಾಪ್ ದರ ಹೆಚ್ಚೇನೂ ಬದಲಾಗಿರಲಿಲ್ಲ. ಅಲ್ಲಿಗೆ 10 ರೂಪಾಯಿ ಮಾರುಕಟ್ಟೆಯದ್ದು. ಬೆಲೆ ಏರಿದಾಗ ಅದೇ 10 ರೂಪಾಯಿಯನ್ನು ವೆಂಡರ್ ವಾಪಸು ಕೇಳುತ್ತಾನೆ, ಕೊಡಲೇಬೇಕಾಗುತ್ತದೆ. ಬಯೋಡೇಟಾದಲ್ಲಿ ಇದಕ್ಕೆ ಜಾಗವಿಲ್ಲ.

ಉಳಿದ 13 ರೂಪಾಯಿಯ ಕಥೆ ಕೇಳುತ್ತಿದ್ದಂತೆ ಹಿರಿಯರ ಮುಖ ಅರಳಿತು. ಮಶಿನಿಂಗ್ ಖರ್ಚು 48 ಎಂದು ವೆಂಡರ್ ಕೊಟೇಶನ್‌ನಲ್ಲಿ ತೋರಿಸಿದ್ದ. ಯಂತ್ರದ ಗಂಟೆಯ ದರ 480, ಒಂದು ಭಾಗಕ್ಕೆ 6 ನಿಮಿಷ. ದರದ ಬಗ್ಗೆ ಜಗಳವಾಡುವುದು ವಾಡಿಕೆ, ಇವರು ಜಗಳವಾಡಲಿಲ್ಲ. ಒಂದು ಮಧ್ಯಾಹ್ನ ವೆಂಡರನ ಶೆಡ್‌ನಲ್ಲಿ ಸಿಎನ್‌ಸಿ ಲೇತಿನ ಪಕ್ಕ ನಿಂತು ಗಡಿಯಾರ ಹಿಡಿದು ನೋಡಿದರು. ಲೆಕ್ಕ ಸರಿಯಿತ್ತು, ಆರೇ ನಿಮಿಷ. ಆದರೆ ಭಾಗವನ್ನು ಎರಡು ಸಲ ಹಿಡಿಸಿ ಬಿಚ್ಚುತ್ತಿದ್ದರು. ತಮ್ಮ ಕಾರ್ಖಾನೆಯ ಟೂಲ್ ರೂಮಿನ ಇಂಜಿನಿಯರರನ್ನು ಕರೆದೊಯ್ದು ತೋರಿಸಿದಾಗ, ಹಿಡಿಕೆಯ ಜಾ ಬದಲಿಸಿದರೆ ಒಂದೇ ಹಿಡಿತದಲ್ಲಿ ಕೆಲಸ ಮುಗಿಯುತ್ತದೆಂದು ಗೊತ್ತಾಯಿತು. ಸಮಯ 5 ನಿಮಿಷಕ್ಕೆ ಇಳಿಯಿತು, ಖರ್ಚು 40ಕ್ಕೆ. ವೆಂಡರನ ಜೇಬಿನಿಂದ ಒಂದು ಪೈಸೆಯೂ ಹೋಗದೆ 8 ರೂಪಾಯಿ ಉಳಿಯಿತು. ಜಾ ಮಾಡಿಸಿದ ಸಣ್ಣ ಖರ್ಚನ್ನು ವೆಂಡರನೇ ಹಾಕಿಕೊಂಡ. ಯಂತ್ರ ಖಾಲಿಯಾದ ಹೊತ್ತಿನಲ್ಲಿ ಬೇರೆ ಕೆಲಸ ತೆಗೆದುಕೊಳ್ಳಬಹುದಾದ್ದರಿಂದ ಅವನಿಗೂ ಅದು ಲಾಭವೇ.

ಕೊನೆಯ 5 ರೂಪಾಯಿ ಬಂದದ್ದು ಹಣ ಪಾವತಿಯ ಮಾತುಕತೆಯಿಂದ. ಕಂಪನಿ 75 ದಿನಕ್ಕೆ ಹಣ ಕೊಡುತ್ತಿತ್ತು. ಅದನ್ನು 45ಕ್ಕೆ ಇಳಿಸಿ, ವರ್ಷಪೂರ್ತಿಯ ಓಪನ್ ಆರ್ಡರ್ ಕೊಟ್ಟದ್ದಕ್ಕೆ ವೆಂಡರ್ ದರ ಬಿಟ್ಟುಕೊಟ್ಟ. ಇಲ್ಲಿ ಹಿರಿಯರು ಎರಡು ಎಚ್ಚರಿಕೆ ಕೊಟ್ಟರು. ಮೊದಲನೆಯದು, ಬೇಗ ಹಣ ಕೊಟ್ಟರೆ ಕಂಪನಿಗೂ ಬಡ್ಡಿ ತಗಲುತ್ತದೆ. 237ರಂತೆ 40 ಸಾವಿರ ಭಾಗಕ್ಕೆ ವರ್ಷಕ್ಕೆ 94.8 ಲಕ್ಷ ರೂಪಾಯಿ. 30 ದಿನ ಮುಂಚಿತವಾಗಿ ಕೊಟ್ಟದ್ದಕ್ಕೆ ಶೇ. 10 ಬಡ್ಡಿ ಹಿಡಿದರೆ ಸುಮಾರು 78 ಸಾವಿರ. ಹಾಗಾಗಿ ಪಾವತಿಯಿಂದ ಬಂದ 2 ಲಕ್ಷದಲ್ಲಿ ನಿಜವಾಗಿ ಉಳಿದದ್ದು 1.22 ಲಕ್ಷ. ಮಶಿನಿಂಗ್‌ನ 3.2 ಲಕ್ಷ ಸೇರಿಸಿದರೆ 4.42 ಲಕ್ಷ. ಉಕ್ಕಿನ ಇಳಿಕೆಯನ್ನು ತೆಗೆದ ಮೂಲ ದರ 250, ವರ್ಷಕ್ಕೆ ಸರಿಯಾಗಿ ಒಂದು ಕೋಟಿ ರೂಪಾಯಿ. ಅದರ ಮೇಲೆ ಉಳಿತಾಯ ಶೇ. 4.4.

ಎರಡನೆಯದು ಕಾನೂನಿನ ಮಾತು. ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ನೋಂದಣಿಯಾದ ವೆಂಡರನಿಗೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಕರಾರು ಇದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. 'ವೆಂಡರ್‌ಗಳ ಪಾವತಿ ಅವಧಿಯನ್ನು 45ರಿಂದ 90 ದಿನಕ್ಕೆ ಏರಿಸಿದೆ' ಎಂಬ ಸಾಲನ್ನು ಹೆಮ್ಮೆಯಿಂದ ಬರೆದುಕೊಳ್ಳುವವರು ಇಂದಿಗೂ ಇದ್ದಾರೆ. ದೊಡ್ಡ ಉಕ್ಕಿನ ಕಂಪನಿಯೊಡನೆ ಹಾಗೆ ಮಾಡಿದ್ದರೆ ಅದು ಚಾತುರ್ಯ. ಭೋಸರಿಯ ಸಣ್ಣ ಶೆಡ್‌ನವನ ಮೇಲೆ ಮಾಡಿದ್ದರೆ, ತನ್ನ ತಪ್ಪನ್ನು ತಾನೇ ಬರೆದು ಸಹಿ ಹಾಕಿದಂತೆ.

ಇನ್ನೊಂದು ಸಾಲಿನ ಮೇಲೂ ಚರ್ಚೆ ನಡೆಯಿತು. ಪ್ಯಾಕಿಂಗ್ ಪೆಟ್ಟಿಗೆಯ ವೆಂಡರ್ ಶೇ. 12 ಏರಿಕೆ ಕೇಳಿದ್ದ, ಮಾತುಕತೆಯಲ್ಲಿ ಶೇ. 5ಕ್ಕೆ ಒಪ್ಪಿಸಲಾಗಿತ್ತು. ಶೇ. 7 ಉಳಿತಾಯ ಎಂದು ಅದನ್ನು ಬರೆಯಲಾಗಿತ್ತು. ಆದರೆ ಕಂಪನಿಯ ಖರ್ಚು ಹಿಂದಿನ ವರ್ಷಕ್ಕಿಂತ ಹೆಚ್ಚೇ ಆಯಿತು. ಇದು ತಪ್ಪಿಸಿದ ಖರ್ಚು, ಉಳಿಸಿದ ಹಣವಲ್ಲ. ಎರಡನ್ನೂ ಬರೆಯಬಹುದು, ಒಟ್ಟಿಗೆ ಕೂಡಿಸಬಾರದು. ಯಾಕೆಂದರೆ ವೆಂಡರ್ ಶೇ. 30 ಕೇಳಿದ್ದ ಎಂದು ಹೇಳಿದರೆ ಉಳಿತಾಯ ಎಷ್ಟು ಬೇಕಾದರೂ ಬೆಳೆಯುತ್ತದೆ. ಲೆಕ್ಕಪತ್ರ ವಿಭಾಗ ಯಾವುದನ್ನು ಒಪ್ಪಿ ಸಹಿ ಹಾಕಿದೆಯೋ ಅದನ್ನು ಮಾತ್ರ ಉಳಿತಾಯವೆಂದು ಕರೆದು, ಹಾಗೆಂದೇ ನಮೂದಿಸುವುದು ಕ್ಷೇಮ.

ದರಕ್ಕಿಂತಲೂ ಹೆಚ್ಚು ಸಮಯ ಹಿಡಿದದ್ದು ಲೀಡ್ ಟೈಮ್‌ನ ಲೆಕ್ಕ. ಆರ್ಡರ್ ಹೊರಟ ದಿನದಿಂದ ಮಾಲು ಪರೀಕ್ಷೆಯಾಗಿ ಸ್ಟೋರ್ಸ್ ಸೇರುವ ದಿನದವರೆಗಿನ ಅವಧಿ ಇದು. 'ಲೀಡ್ ಟೈಮ್ 42ರಿಂದ 28 ದಿನಕ್ಕೆ ಇಳಿಕೆ' ಎಂದು ಅವರು ಬರೆದಿದ್ದರು. ಸಂಖ್ಯೆ ಸರಿಯಿತ್ತು. ಹೇಗೆ ಇಳಿಯಿತು ಎಂಬುದು ಕಾಗದದಲ್ಲಿ ಇರಲಿಲ್ಲ.

ಆ 42 ದಿನಗಳಲ್ಲಿ ಕಂಪನಿಯೊಳಗೇ ಆರ್ಡರ್‌ಗೆ ಸಹಿಗಳಾಗಲು 4 ದಿನ ಹೋಗುತ್ತಿತ್ತು. ವೆಂಡರ್ ಉಕ್ಕು ತರಿಸಲು 14. ಫೋರ್ಜಿಂಗ್ ಸರದಿ ಮತ್ತು ಕೆಲಸ 9, ಹೀಟ್ ಟ್ರೀಟ್‌ಮೆಂಟ್ 4, ಮಶಿನಿಂಗ್ 6, ಸಾಗಾಟ 3, ಕಂಪನಿಯಲ್ಲಿ ಪರೀಕ್ಷೆ 2. ಅಂದರೆ ಭಾಗ ತಯಾರಾಗುವ ಕೆಲಸಕ್ಕೆ ಹೋಗುತ್ತಿದ್ದುದು 19 ದಿನ, ಉಳಿದ ಬಹುಪಾಲು ಕಾಯುವುದಕ್ಕೆ. ದಿನಾ ಫೋನ್ ಮಾಡಿ ವೆಂಡರನನ್ನು ಪೀಡಿಸಿದರೆ ಈ 19ರಲ್ಲಿ ಒಂದೆರಡು ದಿನ ಕಡಿಮೆಯಾದೀತು. ಇವರು ಕೈಹಾಕಿದ್ದು ಕಾಯುವ ದಿನಗಳಿಗೆ. ಮೂರು ತಿಂಗಳ ಅಂದಾಜನ್ನು ಮುಂಚಿತವಾಗಿ ಕೊಟ್ಟು, ವೆಂಡರನ ಬಳಿ ಉಕ್ಕು ಸದಾ ಇರುವಂತೆ ಮಾಡಿದರು. 14 ದಿನ 3ಕ್ಕೆ ಇಳಿಯಿತು. ಓಪನ್ ಆರ್ಡರ್ ಇದ್ದುದರಿಂದ ಪ್ರತಿ ಸಲ ಹೊಸ ಸಹಿ ಬೇಕಾಗದೆ, ಹದಿನೈದು ದಿನಕ್ಕೊಂದು ಶೆಡ್ಯೂಲ್ ಸಾಕಾಯಿತು. 4 ದಿನ 1ಕ್ಕೆ ಬಂತು. ಅಲ್ಲಿಗೆ 14 ದಿನದ ಲೆಕ್ಕ ಸರಿಹೋಯಿತು.

"ಅಂದಾಜು ತಪ್ಪಿದರೆ ಆ ಉಕ್ಕು ಯಾರ ತಲೆ ಮೇಲೆ?" ಎಂದು ಹಿರಿಯರು ಕೇಳಿದರು. ಒಂದು ತಿಂಗಳ ಬಳಕೆಯಷ್ಟು ಉಕ್ಕಿನ ಹೊಣೆಯನ್ನು ಕಂಪನಿಯೇ ಲಿಖಿತವಾಗಿ ಹೊತ್ತಿತ್ತು. ವೆಂಡರ್ ಧೈರ್ಯವಾಗಿ ಉಕ್ಕು ತರಿಸಿಟ್ಟದ್ದು ಆ ಒಂದು ಸಾಲಿನ ಬಲದಿಂದ. ಸಂದರ್ಶನದಲ್ಲಿ ಇದನ್ನು ಮುಚ್ಚಿಡಬೇಕಾಗಿಲ್ಲ. ಇದನ್ನು ಹೇಳಬಲ್ಲವನೇ ಕೆಲಸ ಮಾಡಿದವನು ಎಂದು ಎದುರಿನವರಿಗೆ ತಿಳಿಯುತ್ತದೆ.

ಸರಾಸರಿಯ ಬಗ್ಗೆಯೂ ಒಂದು ಮಾತು. ಸ್ಟೋರ್ಸ್‌ನವರು ಎಷ್ಟು ದಾಸ್ತಾನು ಇಡಬೇಕೆಂದು ನಿರ್ಧರಿಸುವಾಗ ಸರಾಸರಿ ಒಂದನ್ನೇ ನೋಡುವುದಿಲ್ಲ, ಅತ್ಯಂತ ತಡವಾದ ಲಾಟನ್ನೂ ನೆನಪಿಟ್ಟುಕೊಳ್ಳುತ್ತಾರೆ. ಹಿಂದೆ ಒಂದು ಲಾಟ್ 61 ದಿನ ತೆಗೆದುಕೊಂಡಿತ್ತು. ಬದಲಾವಣೆಯ ನಂತರದ ಒಂಬತ್ತು ತಿಂಗಳ 18 ಲಾಟ್‌ಗಳಲ್ಲಿ ಅತಿ ತಡವಾದದ್ದು 34 ದಿನ. ಈ ಎರಡು ಸಂಖ್ಯೆಗಳನ್ನು ಬೆಳಗಾವಿಯವರು ಬರೆದೇ ಇರಲಿಲ್ಲ, ತಡವಾದದ್ದನ್ನು ಯಾಕೆ ತೋರಿಸಬೇಕೆಂಬ ಸಂಕೋಚದಿಂದ. ಹಿರಿಯರ ದೃಷ್ಟಿಯಲ್ಲಿ ಇಡೀ ಬಯೋಡೇಟಾದ ಅತ್ಯುತ್ತಮ ಸಂಖ್ಯೆ ಅದೇ. ಆದರೆ ಆಧಾರವಾಗಿ ತೆಗೆದುಕೊಳ್ಳುವ ವರ್ಷ ಸಾಮಾನ್ಯ ವರ್ಷವಾಗಿರಬೇಕು. ಹಡಗಿನ ಕಂಟೇನರ್ ಸಿಗದ, ಇಲೆಕ್ಟ್ರಾನಿಕ್ ಚಿಪ್‌ಗಳಿಗೆ ಹಾಹಾಕಾರವಿದ್ದ 2021ರೊಡನೆ ಹೋಲಿಸಿ, ಆಮದು ಮಾಲಿನ ಲೀಡ್ ಟೈಮ್ ಅರ್ಧ ಮಾಡಿದೆನೆಂದು ಬರೆದರೆ ಯಾರೂ ನಂಬುವುದಿಲ್ಲ.

ಇಷ್ಟೆಲ್ಲ ಸಂಖ್ಯೆ ಎಲ್ಲಿಂದ ತರುವುದು ಎಂಬುದು ಸಹಜ ಪ್ರಶ್ನೆ. ಸ್ಯಾಪ್ ಇರುವ ಕಂಪನಿಗಳಲ್ಲಿ ME2M ಎಂದು ಕೊಟ್ಟರೆ ಒಂದು ಭಾಗದ ಎಲ್ಲ ಆರ್ಡರ್‌ಗಳು ದಿನಾಂಕ, ದರ ಸಹಿತ ಬರುತ್ತವೆ. MB51ರಲ್ಲಿ 101 ಎಂಬ ಮೂವ್‌ಮೆಂಟ್ ಹಾಕಿದರೆ ಮಾಲು ಬಂದ ದಿನಾಂಕಗಳು ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆದರೆ ಪ್ರತಿ ಲಾಟಿನ ದಿನ ಗೊತ್ತಾಗುತ್ತದೆ. ಓಪನ್ ಆರ್ಡರ್ ಇದ್ದಲ್ಲಿ ಆರ್ಡರಿನ ದಿನಾಂಕ ತೆಗೆದುಕೊಳ್ಳಬಾರದು. ಅದು ವರ್ಷದ ಮೊದಲಿನದ್ದಾಗಿರುತ್ತದೆ, ಲೆಕ್ಕ ಹಾಳಾಗುತ್ತದೆ. ಆಯಾ ಶೆಡ್ಯೂಲ್ ಕಳುಹಿಸಿದ ದಿನವನ್ನೇ ಹಿಡಿಯಬೇಕು. ಇದನ್ನೆಲ್ಲ ಕೆಲಸದಲ್ಲಿರುವಾಗ, ವರ್ಷಕ್ಕೊಮ್ಮೆ ಅಪ್ರೈಸಲ್ ಹೊತ್ತಿಗೆ ಮಾಡಿ, ಒಟ್ಟು ಫಲಿತಾಂಶವನ್ನಷ್ಟೇ ಬರೆದಿಟ್ಟುಕೊಳ್ಳಬೇಕು. ರಾಜೀನಾಮೆ ಕೊಟ್ಟ ಮೇಲೆ ಕಂಪನಿಯ ಕಡತಗಳನ್ನು ಪೆನ್ ಡ್ರೈವ್‌ಗೆ ಇಳಿಸಿಕೊಂಡು ಹೋಗಿ ತೊಂದರೆಗೆ ಸಿಕ್ಕಿಕೊಳ್ಳುವವರೂ ಇದ್ದಾರೆ. ಹಾಗೆಯೇ ಬಯೋಡೇಟಾದಲ್ಲಿ ವೆಂಡರನ ಹೆಸರಾಗಲಿ, ಭಾಗದ ದರವಾಗಲಿ ಇರಬಾರದು. ಹಳೆಯ ಕಂಪನಿಯ ದರ ಹೊರಗೆ ಹಾಕುವವನು ನಾಳೆ ನಮ್ಮದನ್ನೂ ಹಾಕುತ್ತಾನೆಂದು ಓದುವವರು ಎಣಿಸುತ್ತಾರೆ.

ಕೊನೆಗೆ ಸಿದ್ಧವಾದ ಸಾಲುಗಳು, ಮೂಲ ಇಂಗ್ಲಿಷ್‌ನ ಕನ್ನಡ ಭಾವದಲ್ಲಿ, ಹೀಗಿವೆ:

'ಫೋರ್ಜಿಂಗ್ ಭಾಗ, ವಾರ್ಷಿಕ ಖರೀದಿ ಸುಮಾರು 1 ಕೋಟಿ ರೂಪಾಯಿ: ಉಕ್ಕಿನ ಬೆಲೆ ವ್ಯತ್ಯಾಸ ಮತ್ತು ಬಡ್ಡಿ ಖರ್ಚು ಕಳೆದು ಶೇ. 4.4 ಉಳಿತಾಯ (2022-23). ವೆಂಡರ್ ಘಟಕದಲ್ಲಿ ಮಶಿನಿಂಗ್ ಸಮಯ 6ರಿಂದ 5 ನಿಮಿಷಕ್ಕೆ, ಟೂಲ್ ರೂಮ್ ಜೊತೆಗೂಡಿ. ಪಾವತಿ ಅವಧಿ 75ರಿಂದ 45 ದಿನಕ್ಕೆ.'

'ಅದೇ ಭಾಗದ ಲೀಡ್ ಟೈಮ್ ಸರಾಸರಿ 42ರಿಂದ 28 ದಿನ, ಅತಿ ತಡವಾದ ಲಾಟ್ 61ರಿಂದ 34 ದಿನ (9 ತಿಂಗಳು, 18 ಲಾಟ್). ಮೂರು ತಿಂಗಳ ಅಂದಾಜು, ವೆಂಡರ್ ಬಳಿ ಉಕ್ಕಿನ ದಾಸ್ತಾನು ಮತ್ತು ಓಪನ್ ಆರ್ಡರ್ ಮೂಲಕ.'

ಟೂಲ್ ರೂಮ್ ಎಂಬ ಪದವನ್ನು ಸೇರಿಸಲು ಹಿರಿಯರು ಹಟ ಹಿಡಿದರಂತೆ. ಜಾ ವಿನ್ಯಾಸ ತಾನೇ ಮಾಡಿದೆನೆಂದು ಪರ್ಚೇಸ್‌ನವನು ಹೇಳಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. 'ಉತ್ತಮ ಚೌಕಾಸಿ ಕೌಶಲ' ಎಂಬ ಸಾಲು ಹೋಯಿತು. ಹವ್ಯಾಸಗಳ ಕೆಳಗೆ ಅಡಗಿದ್ದ 'ಕನ್ನಡ, ಮರಾಠಿ, ಹಿಂದಿ' ಮಾತ್ರ ಮೊದಲ ಪುಟಕ್ಕೆ ಬಂತು. ಬೆಳಗಾವಿ ಮತ್ತು ಕೊಲ್ಹಾಪುರ ಎರಡೂ ಎರಕದ ಕಾರ್ಖಾನೆಗಳಿಗೆ ಹೆಸರಾದ ಊರುಗಳು. ಅಲ್ಲಿನ ಮಾಲಕರೊಡನೆ ಅವರವರ ಭಾಷೆಯಲ್ಲೇ ಕುಳಿತು ಮಾತಾಡಬಲ್ಲ ಖರೀದಿದಾರ ಪುಣೆಯ ಕಂಪನಿಗೆ ಬೇಕಾದವನೇ. ಇದನ್ನು ಹವ್ಯಾಸವೆಂದು ಬರೆದುಕೊಂಡಿದ್ದದ್ದೇ ಸೋಜಿಗ.

9.2 ಲಕ್ಷ 4.42ಕ್ಕೆ ಇಳಿದಾಗ ಬೆಳಗಾವಿಯವರ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ. "ಅರ್ಧಕ್ಕಿಂತ ಕಡಿಮಿ ಆತಲ್ರೀ ಸರ್" ಎಂದರು. ಹೊಸ ಬಯೋಡೇಟಾವನ್ನು ಹನ್ನೊಂದು ಕಡೆ ಕಳುಹಿಸಿದರು, ಮೂರು ಕಡೆಯಿಂದ ಕರೆ ಬಂತು. ಚಾಕಣದ ಒಂದು ಕಂಪನಿಯಲ್ಲಿ ನಲವತ್ತು ನಿಮಿಷ ಸಂದರ್ಶನ ನಡೆಯಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಉಕ್ಕಿನ ಬೆಲೆಯನ್ನು ಹೇಗೆ ಕಳೆದಿರಿ, 34 ದಿನವಾದ ಆ ಲಾಟ್ ಯಾಕೆ ತಡವಾಯಿತು ಎಂಬ ಎರಡೇ ಪ್ರಶ್ನೆಗಳ ಸುತ್ತ ಮಾತು ಸಾಗಿತು. ತಡವಾದದ್ದು ಹೀಟ್ ಟ್ರೀಟ್‌ಮೆಂಟ್ ಕುಲುಮೆ ಕೆಟ್ಟದ್ದರಿಂದ. ಬದಲಿ ಕುಲುಮೆ ಯಾವುದೆಂದು ಆ ಬಳಿಕ ಗೊತ್ತುಮಾಡಿಕೊಂಡದ್ದನ್ನೂ ಅವರು ಹೇಳಿದರು. ನೇಮಕಾತಿ ಪತ್ರ ಇನ್ನೂ ಕೈಸೇರಿಲ್ಲ. ಎರಡನೇ ಸುತ್ತಿಗೆ ಕರೆದಿದ್ದಾರೆ, ಈ ಸಲ ಲೆಕ್ಕಪತ್ರ ವಿಭಾಗದವರೂ ಕೂರುತ್ತಾರಂತೆ.